ಗ್ಯಾಲ್-1, ಗ್ಯಾಲ್-3: ತುಮಕೂರಿನ ಲ್ಯಾಬ್‌ನಲ್ಲೇ ಮಾಡಿ ನೋಡಿದ್ದು

ಜೀನ್ ಎರಡಾದ ಮೇಲೆ ಹೊಸ ಕೆಲಸ ಹುಟ್ಟಿತೋ, ಹಳೆಯದೇ ಹಂಚಿಕೆಯಾಯಿತೋ ಅಂತ ನೋಡೋಕೆ "ಬೆಂಗಳೂರಿಗೇ ಹೋಗಬೇಕು ಸಾರ್" ಅಂತ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಹೇಳಿದ್ದರು. ತುಮಕೂರಿನ ನಮ್ಮ ಲ್ಯಾಬ್‌ನ ಹಳೇ ಶೇಕರ್, ಸ್ಪೆಕ್ಟ್ರೋ ಇಷ್ಟರಲ್ಲೇ ಆಯಿತು.

ಬೇಕರಿ ಯೀಸ್ಟಿನಲ್ಲಿ ಗ್ಯಾಲ್-1 ಗ್ಯಾಲಕ್ಟೋಸ್‌ಗೆ ಫಾಸ್ಫೇಟ್ ಸೇರಿಸುತ್ತದೆ. ಅದರ ಪ್ಯಾರಲಾಗ್, ಅಂದರೆ ಒಂದೇ ಜೀನ್ ಎರಡಾದಾಗ ಹುಟ್ಟಿದ ಜೋಡಿ ಗ್ಯಾಲ್-3, ಸಕ್ಕರೆ ಬಂದ ಸುದ್ದಿ ಮುಟ್ಟಿಸಿ ಗ್ಯಾಲ್ ಜೀನ್‌ಗಳನ್ನು ಎಬ್ಬಿಸುತ್ತದೆ. ಜೀನ್ ಎರಡಾಗದೇ ಉಳಿದ ಕ್ಲೂವೆರೋಮೈಸಿಸ್ ಲ್ಯಾಕ್ಟಿಸ್ ಅನ್ನೋ ಇನ್ನೊಂದು ಯೀಸ್ಟಿನಲ್ಲಿ ಒಂದೇ ಗ್ಯಾಲ್-1 ಎರಡನ್ನೂ ಮಾಡುತ್ತದೆ. ಆ ಜೀನನ್ನು ಪ್ಲಾಸ್ಮಿಡ್‌ನಲ್ಲಿಟ್ಟು, ಎರಡೂ ಜೀನ್ ತೆಗೆದ ಬೇಕರಿ ಯೀಸ್ಟಿಗೆ ಹಾಕಿದೆ. ಗ್ಯಾಲಕ್ಟೋಸ್‌ನಲ್ಲಿ ತಡವಿಲ್ಲದೆ ಬೆಳೆಯಿತು.

ಸುಲಭವಾಗೇನೂ ಸಿಗಲಿಲ್ಲ. ಮೊದಲು ತಂದ ಅಗ್ಗದ ಗ್ಯಾಲಕ್ಟೋಸ್‌ನಲ್ಲಿ ಸ್ವಲ್ಪ ಗ್ಲೂಕೋಸ್ ಬೆರೆತಿತ್ತು. ಗ್ಲೂಕೋಸ್ ಇದ್ದರೆ ಈ ಜೀನ್‌ಗಳು ಏಳುವುದೇ ಇಲ್ಲ, ಆದರೆ ಗ್ಯಾಲ್-1 ಇಲ್ಲದ ಯೀಸ್ಟೂ ಅಷ್ಟಿಷ್ಟು ಬೆಳೆಯುತ್ತದೆ. ಅದು ಬೆಳೆದಿದ್ದು ನೋಡಿಯೇ ಸಕ್ಕರೆ ಸರಿಯಿಲ್ಲ ಅಂತ ಗೊತ್ತಾಯಿತು. ಶುದ್ಧ ಗ್ಯಾಲಕ್ಟೋಸ್, ರಾಫಿನೋಸ್ ಎರಡಕ್ಕೇ ಆರೇಳು ಸಾವಿರ ಹೋಯಿತು, ಕೈಯಿಂದಲೇ. ಕರೆಂಟ್ ಹೋಗಿ ಶೇಕರ್ ನಿಂತ ರಾತ್ರಿಗಳ ಲೆಕ್ಕ ಬೇರೆ. ಈ ಜೀನ್‌ಗಳನ್ನು ತಡೆಯದ, ಎಬ್ಬಿಸದ ಸಕ್ಕರೆಯಾದ ರಾಫಿನೋಸ್‌ನಲ್ಲಿ ಬೆಳೆಸಿ ತೊಳೆದು ಗ್ಯಾಲಕ್ಟೋಸ್‌ಗೆ ಹಾಕಬೇಕು ಅನ್ನೋದು ನಿಮಗೆ ಗೊತ್ತೇ ಇದೆ. ಕೋಶಗಳು ಎಷ್ಟು ದಟ್ಟವಾದಾಗ, ಅಂದರೆ ಯಾವ ಓಡಿಯಲ್ಲಿ, ತೆಗೆಯುತ್ತೇನೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಜಾಸ್ತಿ ಚರ್ಚೆಯಾಗಿದ್ದು ಗ್ಯಾಲ್-3 ಮಾತ್ರ ಇಲ್ಲದ ಸ್ಟ್ರೇನ್ ಬಗ್ಗೆ. ಅದು ಗ್ಯಾಲಕ್ಟೋಸ್‌ನಲ್ಲಿ ಸತ್ತಂತೆ ಬಿದ್ದಿದ್ದು, ನಾಲ್ಕೈದು ದಿನಕ್ಕೆ ಮೇಲೇಳುತ್ತದೆ. "ಅದು ಮ್ಯುಟೆಂಟ್, ಗ್ಯಾಲ್-80 ಕೆಟ್ಟಿರಬೇಕು" ಅಂತ ಕೆಲವರು ಅಂದರು. ಅನುಮಾನ ಸರಿಯೇ, ಗ್ಯಾಲ್-80 ಈ ಜೀನ್‌ಗಳನ್ನು ತಡೆದಿಡುವ ಬ್ರೇಕು, ಅದು ಕೆಟ್ಟರೆ ಏಳೋಕೆ ಸುದ್ದಿಯೇ ಬೇಡ. ಬೆಳೆದ ಕೋಶಗಳನ್ನು ಗ್ಲೂಕೋಸ್‌ನಲ್ಲಿ ಹಲವು ತಲೆಮಾರು ಬೆಳೆಸಿ ಮತ್ತೆ ಗ್ಯಾಲಕ್ಟೋಸ್‌ಗೆ ಹಾಕಿದೆ. ಮ್ಯುಟೆಂಟ್ ಆಗಿದ್ದರೆ ತಕ್ಷಣ ಏಳಬೇಕಿತ್ತು. ಮತ್ತೆ ಅಷ್ಟೇ ತಡ! ಅಂದರೆ ಗ್ಯಾಲ್-1ರಲ್ಲಿ ಸುದ್ದಿ ಮುಟ್ಟಿಸುವ ಹಳೇ ಶಕ್ತಿ ಸ್ವಲ್ಪ ಉಳಿದಿದೆ. ನಡುವೆ ಸುಮ್ನೆ ಕುತೂಹಲಕ್ಕೆ ಇದೇ ಸ್ಟ್ರೇನಿನ ಪೆಟೀಟ್, ಅಂದರೆ ಮೈಟೋಕಾಂಡ್ರಿಯಾ ಕೆಟ್ಟ ರೂಪ, ಮಾಡಿ ನೋಡಿದೆ. ಮೈಟೋಕಾಂಡ್ರಿಯಾ ಕೆಟ್ಟ ಮೇಲೆ ಅದು ಏಳಲೇ ಇಲ್ಲ.

ಗ್ಯಾಲ್-3 ಫಾಸ್ಫೇಟ್ ಸೇರಿಸುವ ಕೈನೇಸ್ ಕೆಲಸ ಬಿಟ್ಟಿದ್ದೂ ದೊಡ್ಡ ಬದಲಾವಣೆಯಿಂದಲ್ಲ. ಸೆರೀನ್, ಅಲನೀನ್ ಅನ್ನೋ ಎರಡು ಅಮೈನೋ ಆಮ್ಲಗಳನ್ನು ವಾಪಸ್ ಸೇರಿಸಿದರೆ ಅದು ಮತ್ತೆ ಫಾಸ್ಫೇಟ್ ಸೇರಿಸುತ್ತದೆ ಅಂತ 2000ದಲ್ಲೇ ಬೇರೆಯವರು ತೋರಿಸಿದ್ದಾರೆ.

ಹಾಗಾಗಿ ನನ್ನ ಮತ ಹಂಚಿಕೆಯ ಕಡೆಗೇ. ಆದರೆ ಬರೀ ಹಂಚಿಕೆ ಅನ್ನಲಾರೆ. ಗ್ಯಾಲ್-1 ಗ್ಲೂಕೋಸ್‌ನಲ್ಲಿ ಪೂರ್ತಿ ಮಲಗಿ, ಗ್ಯಾಲಕ್ಟೋಸ್‌ಗೆ ಸಾವಿರ ಪಟ್ಟಿನಷ್ಟು ಏರುತ್ತದೆ. ಗ್ಯಾಲ್-3 ಮೊದಲಿಂದಲೂ ಸ್ವಲ್ಪ ಎಚ್ಚರವಿದ್ದು, ಕೆಲವೇ ಪಟ್ಟು ಏರುತ್ತದೆ. ಜೀನನ್ನು ಎಬ್ಬಿಸುವ ಡಿಎನ್‌ಎ ಭಾಗ, ಅಂದರೆ ಪ್ರೊಮೋಟರ್, ಒಂದೇ ಇದ್ದಾಗ ಎರಡೂ ಹೀಗೆ ಚೆನ್ನಾಗಿ ಆಗುತ್ತಿರಲಿಲ್ಲ, ಅಲ್ವಾ? ಪ್ಲಾಸ್ಮಿಡ್ ಪ್ರಯೋಗಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೆ ಪ್ರೊಮೋಟರ್ ಅದಲುಬದಲು ಮಾಡಬೇಕು, ಪ್ರೈಮರ್ ಆರ್ಡರ್ ಹಾಕಿದ್ದೇನೆ.