ಅಪ್ಪನ ಪಿಪಿಒ ಓದುವುದು ಹೇಗೆ? ಕಮ್ಯುಟೇಶನ್ ಸಾಲನ್ನು ಬಿಡಬೇಡಿ

ನಮ್ಮ ತಂದೆ ಸಕಲೇಶಪುರದ ಅಂಚೆ ಕಚೇರಿಯಿಂದ 2010ರ ಜುಲೈ 31ಕ್ಕೆ ನಿವೃತ್ತರಾದವರು. ಅವರ ಪಿಂಚಣಿ ಪಾವತಿ ಆದೇಶ, ಅಂದರೆ ಪಿಪಿಒ, ಹದಿನೈದು ವರ್ಷ ಟ್ರಂಕಿನ ತಳದಲ್ಲೇ ಇತ್ತು. ಈ ಜನವರಿಯಲ್ಲಿ ಹಾಸನದ ಮನೆಯ ಜಗಲಿಯಲ್ಲಿ ಕೂತು ಮೊದಲ ಸಲ ಇಬ್ಬರೂ ಅದನ್ನು ಓದಿದೆವು. ಆಮೇಲೆ ಮಹಾರಾಜ ಪಾರ್ಕಿನಲ್ಲಿ ಸೇರುವ ಅಪ್ಪಾಜಿಯ ಸ್ನೇಹಿತರ ನಾಲ್ಕೈದು ಪಿಪಿಒಗಳನ್ನೂ ನೋಡಿದೆ. ಎಲ್ಲರೂ ಎಡವಿದ್ದು ಒಂದೇ ಸಾಲಿನಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವುದು ಕೇಂದ್ರ ಸರ್ಕಾರಿ ಪಿಂಚಣಿಯ ಲೆಕ್ಕ. ರಾಜ್ಯ ಸರ್ಕಾರಿ ನೌಕರರು ಕಮ್ಯೂಟ್ ಮಾಡಬಹುದಾದದ್ದು, ಅಂದರೆ ಒಂದೇ ಗಂಟಿನ ಹಣಕ್ಕಾಗಿ ಬಿಟ್ಟುಕೊಡಬಹುದಾದದ್ದು, ಪಿಂಚಣಿಯ ಮೂರನೇ ಒಂದು ಭಾಗ. ಅವರ ಮೊತ್ತಗಳು ಬೇರೆ ಬರುತ್ತವೆ.

ಮೊದಲು: ಕಾಗದಗಳನ್ನು ಒಟ್ಟು ಮಾಡಿ

ಪಿಪಿಒದ ಪಿಂಚಣಿದಾರರ ಪ್ರತಿ, 2016ರ ನಂತರ ಬಂದ ಪರಿಷ್ಕರಣೆ ಪತ್ರ, ಬ್ಯಾಂಕ್ ಪಾಸ್‌ಬುಕ್. ಈ ಮೂರು ಸಾಕು. ಹೆಚ್ಚಿನ ಮನೆಗಳಲ್ಲಿ ಕಾಣೆಯಾಗಿರುವುದು ಎರಡನೆಯದು. ನಮ್ಮದು ಕರೆಂಟ್ ಬಿಲ್ಲುಗಳ ಕಟ್ಟಿನಲ್ಲಿ ಸಿಕ್ಕಿತು. ಅದು ಸಿಗದೆ ಮುಂದಕ್ಕೆ ಹೋಗಬೇಡಿ.

ಜೆರಾಕ್ಸ್ ಮಾಡಿಸಿ, ಅದರ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಮೂಲ ಪ್ರತಿಗೆ ಲ್ಯಾಮಿನೇಶನ್ ಮಾತ್ರ ಬೇಡವೇ ಬೇಡ. ಪಾರ್ಕಿನ ಹಿರಿಯರೊಬ್ಬರು ಭದ್ರವಾಗಿರಲಿ ಎಂದು ಹಾಗೆ ಮಾಡಿಸಿದ್ದಾರೆ. ಈಗ ಆ ಪ್ರತಿಯ ಮೇಲೆ ಒಂದು ಅಕ್ಷರ ಬರೆಯಲಿಕ್ಕೂ ಸೀಲು ಒತ್ತಲಿಕ್ಕೂ ಆಗುವುದಿಲ್ಲ. ಹರಿದಲ್ಲಿ ಸೆಲೋ ಟೇಪ್ ಅಂಟಿಸಬೇಡಿ, ಕೆಲವು ವರ್ಷಕ್ಕೆ ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಒಂದು ಪ್ಲಾಸ್ಟಿಕ್ ಫೋಲ್ಡರ್ ಸಾಕು.

ಹೆಸರು, ಹುಟ್ಟಿದ ದಿನ, ನಿವೃತ್ತಿ ದಿನ, ಹನ್ನೆರಡು ಅಂಕಿಯ ಪಿಪಿಒ ಸಂಖ್ಯೆ. ಇವನ್ನು ಒಮ್ಮೆ ಆಧಾರ್ ಜೊತೆ, ಪಾಸ್‌ಬುಕ್ ಜೊತೆ ತಾಳೆ ನೋಡಿದರೆ ಆಯಿತು.

ಕಷ್ಟದ ಜಾಗ: ಕಮ್ಯುಟೇಶನ್

ನಿವೃತ್ತಿಯಾಗುವಾಗ ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಒಂದೇ ಗಂಟಿನ ಹಣ ಪಡೆಯುವುದೇ ಕಮ್ಯುಟೇಶನ್. ಕೇಂದ್ರದಲ್ಲಿ ಗರಿಷ್ಠ ಶೇ 40. ಅಪ್ಪಾಜಿಯ ಕೊನೆಯ ಸಂಬಳ, ಗ್ರೇಡ್ ಪೇ ಸೇರಿ, 16,000. ಅದರ ಅರ್ಧ 8,000 ಮೂಲ ಪಿಂಚಣಿ. ಅದರಲ್ಲಿ ಶೇ 40 ಬಿಟ್ಟುಕೊಟ್ಟಿದ್ದರು. ಎಷ್ಟು ಎಂದು ಬರೆದ ಜಾಗದಲ್ಲೇ ಕಾಗದ ಮಡಿಸಿದ ಗೆರೆ ಹಾದುಹೋಗಿ ಮೊದಲ ಅಂಕಿ ಸವೆದುಹೋಗಿತ್ತು; ‘200’ ಮಾತ್ರ ಕಾಣುತ್ತಿತ್ತು. ಕೆಳಗಿನ ಸಾಲಿನಲ್ಲಿ ಕಡಿತದ ನಂತರದ ಪಿಂಚಣಿ 4,800 ಎಂದಿತ್ತು. ಎಂಟು ಸಾವಿರದಲ್ಲಿ ಅದನ್ನು ಕಳೆದರೆ 3,200. ಸವೆದ ಅಂಕಿ ಮೂರು.

‘ಆ ದುಡ್ಡು ಎಷ್ಟು ಬಂದಿತ್ತು ಅಪ್ಪಾಜಿ, ನೆನಪಿದೆಯಾ?’ ಎಂದೆ.

‘ಮೂರು ಲಕ್ಷ ಚಿಲ್ಲರೆ. ನಿಮ್ಮಕ್ಕನ ಮದುವೆ ಸಾಲ ತೀರಿಸಿದ್ದೇ ಅದರಲ್ಲಿ ಕಣೋ.’

ಲೆಕ್ಕವೂ ಅದನ್ನೇ ಹೇಳುತ್ತದೆ. 3,200ನ್ನು 12 ತಿಂಗಳಿಂದ, ಆಮೇಲೆ 8.194ರಿಂದ ಗುಣಿಸಿದರೆ 3,14,650. ಮುಂದಿನ ಹುಟ್ಟುಹಬ್ಬಕ್ಕೆ 61 ತುಂಬುವವರಿಗೆ ಸರ್ಕಾರದ ಕಮ್ಯುಟೇಶನ್ ಕೋಷ್ಟಕದಲ್ಲಿರುವ ಅಂಕಿ 8.194. ಹಳೆಯ ಪಾಸ್‌ಬುಕ್ಕಿನಲ್ಲಿ 2010ರ ಆಗಸ್ಟ್ ತಿಂಗಳಲ್ಲೇ ಅಷ್ಟೂ ಜಮಾ ಆಗಿತ್ತು.

ಈ ಜಮಾ ತಾರೀಕನ್ನು ಹುಡುಕಲೇಬೇಕು. ಬಿಟ್ಟುಕೊಟ್ಟ ಭಾಗ 15 ವರ್ಷಕ್ಕೆ ಮರಳಿ ಸೇರುತ್ತದೆ. ನಿವೃತ್ತಿಯಾದ ಮೊದಲ ತಿಂಗಳಲ್ಲೇ ಗಂಟು ಕೈಸೇರಿದ್ದರೆ ಕಡಿತ ಮೊದಲ ದಿನದಿಂದಲೇ ಶುರುವಾಗಿರುತ್ತದೆ, ಎಣಿಕೆಯೂ ಅಂದಿನಿಂದಲೇ. ಹಣ ತಡವಾಗಿ ಬಂದಿದ್ದರೆ ಕಡಿತವೂ ತಡವಾಗಿ ಶುರುವಾಗಿ ಮುಗಿಯುವ ದಿನವೂ ಮುಂದೆ ಹೋಗಿರುತ್ತದೆ. ನಿವೃತ್ತಿ ದಿನವನ್ನೇ ಹಿಡಿದು ಬ್ಯಾಂಕಿನಲ್ಲಿ ಜಗಳಕ್ಕೆ ನಿಲ್ಲುವವರು ಇದನ್ನು ಮೊದಲು ನೋಡಿಕೊಳ್ಳಬೇಕು. ಅಪ್ಪಾಜಿಗೆ ಕಡಿತ 1-8-2010ರಿಂದ; ಪೂರ್ಣ ಪಿಂಚಣಿ ಮರಳಬೇಕಾದ್ದು 1-8-2025ರಿಂದ.

ನಾವು ಓದಲು ಕೂತದ್ದು ಅದಾಗಿ ಐದು ತಿಂಗಳ ಮೇಲೆ.

ಪಾಸ್‌ಬುಕ್ಕಿನ ಮೊತ್ತವನ್ನು ಬಿಡಿಸಿ ನೋಡಿ

ಇಲ್ಲಿಗೆ ಪರಿಷ್ಕರಣೆ ಪತ್ರ ಬೇಕು. ಏಳನೇ ವೇತನ ಆಯೋಗದ ನಂತರ ಅಪ್ಪಾಜಿಯ ಮೂಲ ಪಿಂಚಣಿ 8,000 ಅಲ್ಲ, 21,150. ಆದರೆ ಕಡಿತ ಮಾತ್ರ ಹಳೆಯ 3,200 ರೂಪಾಯಿಯೇ. ತುಟ್ಟಿ ಪರಿಹಾರವನ್ನು ಕೊಡುವುದು ಕಡಿತಕ್ಕೆ ಮುಂಚಿನ ಪೂರ್ಣ 21,150ರ ಮೇಲೆ. ಡಿಸೆಂಬರಿನ ಲೆಕ್ಕ ಹೀಗೆ: 21,150ರಲ್ಲಿ 3,200 ಹೋದರೆ 17,950. ಶೇ 58ರಂತೆ ತುಟ್ಟಿ ಪರಿಹಾರ 12,267. ವೈದ್ಯಕೀಯ ಭತ್ಯೆ 1,000. ಎಲ್ಲ ಸೇರಿ 31,217. ಪಾಸ್‌ಬುಕ್ಕಿನಲ್ಲಿ ಡಿಸೆಂಬರಿಗೆ ಬಿದ್ದದ್ದೂ 31,217. ಕಡಿತ ನಿಂತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಿಂತಿದ್ದರೆ ಅಲ್ಲಿ 34,417 ಇರಬೇಕಿತ್ತು.

ಮೊಬೈಲಿನ ಪಿಂಚಣಿ ಕ್ಯಾಲ್ಕುಲೇಟರ್ ಆ್ಯಪ್‌ಗಳನ್ನು ನಂಬಿ ಕೂರಬೇಡಿ. ನಾನು ಹಾಕಿ ನೋಡಿದ ಒಂದು ಆ್ಯಪ್ 21,150ಕ್ಕೇ ಶೇ 40 ಹಾಕಿ 8,460 ರೂಪಾಯಿ ಮರಳಬೇಕು ಎಂದಿತು. ಪಾರ್ಕಿನಲ್ಲೂ ಅದೇ ಮಾತು ಓಡಾಡುತ್ತಿತ್ತು. ಅದು ತಪ್ಪು. ಅಂದು ಬಿಟ್ಟುಕೊಟ್ಟದ್ದು 3,200, ಮರಳುವುದೂ 3,200. ತುಟ್ಟಿ ಪರಿಹಾರ ಮೊದಲಿಂದಲೂ ಪೂರ್ಣ ಪಿಂಚಣಿಯ ಮೇಲೆ ಬರುತ್ತಿದ್ದುದರಿಂದ ಅದರಲ್ಲಿ ಬಾಕಿ ಏನೂ ಇರುವುದಿಲ್ಲ.

ಅಮ್ಮನ ಸಾಲು

ಕುಟುಂಬ ಪಿಂಚಣಿಯ ಕಡೆ ಎರಡು ಮೊತ್ತ ಇರುತ್ತವೆ. ಹೆಚ್ಚಿನ ದರದ್ದು, ನಿವೃತ್ತರಿಗೆ 67 ತುಂಬುವವರೆಗಿನ ಅವಧಿಗೆ. ನಮಗೆ ಅದು 2017ಕ್ಕೇ ಮುಗಿದಿದೆ. ಈಗ ಅನ್ವಯಿಸುವುದು ಪರಿಷ್ಕರಣೆ ಪತ್ರದ 12,690. ಅಪ್ಪಾಜಿ ಇಷ್ಟು ದಿನ ‘ನಾನು ಹೋದರೆ ಅವಳಿಗೆ ಅರ್ಧ ಬರುತ್ತೆ’ ಎಂದೇ ನಂಬಿದ್ದರು. ಅರ್ಧಕ್ಕಿಂತ ಹೆಚ್ಚೇ ಇದ್ದ ಆ ಅಂಕಿ ನೋಡಿ ಸ್ವಲ್ಪ ಹೊತ್ತು ಸುಮ್ಮನಾದರು. ಅಮ್ಮನ ಹುಟ್ಟಿದ ದಿನದ ಜಾಗ ಖಾಲಿ ಇತ್ತು. 80 ತುಂಬಿದ ಮೇಲೆ ಸಿಗುವ ಹೆಚ್ಚುವರಿ ಶೇ 20ಕ್ಕೆ ಅದು ಬೇಕೇ ಬೇಕು. ಸೇರಿಸಿಕೊಡಿ ಎಂದು ಅಪ್ಪಾಜಿಯ ಹಳೆಯ ಕಚೇರಿಗೆ ಆಧಾರ್ ಪ್ರತಿಯೊಂದಿಗೆ ಬೇರೆಯೇ ಅರ್ಜಿ ಕಳಿಸಿದೆವು. ಇವರಿಬ್ಬರೂ ಇರುವಾಗಲೇ ಆಗಬೇಕಾದ ಕೆಲಸ ಇದು, ಆಮೇಲೆ ಅಮ್ಮ ಒಬ್ಬರೇ ಓಡಾಡುವಂತಾಗಬಾರದು.

ಅರ್ಜಿ

ಕಡಿತ ನಿಲ್ಲಿಸಲು ಬ್ಯಾಂಕ್ ಶಾಖೆಗೆ ಕೊಡುವ ಅರ್ಜಿ ಒಂದೇ ಪುಟ ಇರಲಿ. ಪಿಪಿಒ ಸಂಖ್ಯೆ, ಖಾತೆ ಸಂಖ್ಯೆ, ಕಮ್ಯೂಟ್ ಮಾಡಿದ 3,200, ಕಡಿತ ಶುರುವಾದ ದಿನ, 15 ವರ್ಷ ಮುಗಿದ ದಿನ, ಬಾಕಿ ಎಷ್ಟು. ಜೊತೆಗೆ ಪಿಪಿಒ ಮತ್ತು ಹಳೆಯ ಪಾಸ್‌ಬುಕ್ ಪುಟದ ಜೆರಾಕ್ಸ್. ಬಾಯಲ್ಲಿ ಹೇಳಿ ಬರಬೇಡಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಶಾಖೆ ಅದನ್ನು ಬ್ಯಾಂಕಿನ ಪಿಂಚಣಿ ಕೇಂದ್ರಕ್ಕೆ ಕಳಿಸಬೇಕು, ಲೆಕ್ಕ ಬದಲಾಗುವುದು ಅಲ್ಲಿ. ಉತ್ತರ ಬಾರದಿದ್ದರೆ ಅದೇ ಸ್ವೀಕೃತಿಯನ್ನು ಸೇರಿಸಿ pgportal.gov.in/pension ತಾಣದಲ್ಲಿ ದೂರು ದಾಖಲಿಸಬಹುದು.

ನಮಗೆ ಅಲ್ಲಿಗೆ ಹೋಗುವ ಅಗತ್ಯ ಬೀಳಲಿಲ್ಲ. ಅಪ್ಪಾಜಿ ಹಿಂದೆ ಖಾತೆಯನ್ನು ಸಕಲೇಶಪುರದಿಂದ ಹಾಸನಕ್ಕೆ ವರ್ಗಾಯಿಸಿಕೊಂಡಾಗ ಕಮ್ಯುಟೇಶನ್ ತಾರೀಕನ್ನು ಕಂಪ್ಯೂಟರಿಗೆ ಏರಿಸಿರಲಿಲ್ಲವಂತೆ. ಜನವರಿಯ ಪಿಂಚಣಿಯೂ ಕಡಿತವಾಗಿಯೇ ಬಂತು. ಫೆಬ್ರವರಿ ಕೊನೆಗೆ 34,417ರ ಜೊತೆ ಆರು ತಿಂಗಳ ಬಾಕಿ 19,200 ಸೇರಿ 53,617 ಜಮಾ ಆಯಿತು. ಅಪ್ಪಾಜಿ ಕನ್ನಡಕ ಏರಿಸಿಕೊಂಡು, ಜೆರಾಕ್ಸಿನ ಅಂಚಿನಲ್ಲಿ ಅಂಚೆ ಕಚೇರಿಯ ಆ ಹಳೆಯ ದುಂಡು ಅಕ್ಷರದಲ್ಲಿ ಆ ಮೊತ್ತ ಬರೆದು, ಅದರ ಕೆಳಗೆ ತಮಗೆ 80 ತುಂಬುವ ತಿಂಗಳ ಮೊದಲ ದಿನವನ್ನೂ ಬರೆದಿಟ್ಟರು: 1-7-2030, ಹೆಚ್ಚುವರಿ ಶೇ 20.