ಟೇಬಲ್ಲಲ್ಲಿ ನಂಬರ್ ತಪ್ಪಿದೆ, ಜರ್ನಲ್ ಎಡಿಟರ್‌ಗೆ ಹೇಗೆ ಬರೆಯೋದು?

ದಾವಣಗೆರೆಲಿ ಪಿಜಿ ಮಾಡೋರು ಬರೆದ ಇಂಥ ಪತ್ರಗಳನ್ನ ನಾನು ಸುಮಾರು ನೋಡಿದೀನಿ. ಎರಡು ಪ್ಯಾರಾ ಬರೀ ಕ್ಷಮಾಪಣೆ, ಯಾವ ನಂಬರ್ ತಪ್ಪು ಅನ್ನೋದು ಕೊನೇ ಸಾಲಲ್ಲಿ. ಎಡಿಟರ್‌ಗೆ ಬೇಕಿರೋದೇ ಆ ಸಾಲು.

ಒಂದು ಉದಾಹರಣೆ ಇಟ್ಕೊಳ್ಳೋಣ. ಹರಿಹರ, ಜಗಳೂರು ಕಡೆಯಿಂದ ಬರೋ ಗರ್ಭಿಣಿಯರ ಎರಡು ಗುಂಪು, ಒಂದೊಂದರಲ್ಲಿ 60 ಜನ. ಹಿಮೋಗ್ಲೋಬಿನ್ ಸರಾಸರಿ 10.4 ಮತ್ತು 9.8, ಸ್ಟ್ಯಾಂಡರ್ಡ್ ಡೀವಿಯೇಷನ್ 1.2 ಮತ್ತು 1.3, ಸಾಫ್ಟ್‌ವೇರ್ ಕೊಟ್ಟ t 2.63, p 0.01. ಟೇಬಲ್ ಟೈಪ್ ಮಾಡೋವಾಗ 1.2 ಹೋಗಿ 2.1 ಆಗಿಬಿಡ್ತು. ಈಗ ಯಾರಾದ್ರೂ ಕ್ಯಾಲ್ಕುಲೇಟರ್ ಹಿಡಿದು ಟೇಬಲ್ಲಿಂದ t ತೆಗೆದ್ರೆ 1.88 ಬರುತ್ತೆ, p 0.06ರ ಹತ್ತಿರ ಹೋಗುತ್ತೆ, ವ್ಯತ್ಯಾಸ ಇದೆ ಅಂತ ನೀವು ಬರೆದಿದ್ದೇ ನಿಲ್ಲಲ್ಲ ಅನ್ಸುತ್ತೆ.

ಬರೆಯೋಕೆ ಮುಂಚೆ ತಪ್ಪು ಎಲ್ಲಿ ನುಗ್ತು ಅಂತ ಹುಡುಕಿ, ಎಲ್ಲರೂ ಎಡವೋದು ಇಲ್ಲೇ. ಔಟ್‌ಪುಟ್‌ನಿಂದ ಟೇಬಲ್‌ಗೆ ಇಳಿಸೋವಾಗ ಆಗಿದ್ರೆ ಲೆಕ್ಕ ಸರಿ ಇದೆ, ಅಚ್ಚಾಗಿದ್ದು ಮಾತ್ರ ತಪ್ಪು. ಆದ್ರೆ ಕೇಸ್ ಶೀಟಿಂದ ಎಕ್ಸೆಲ್‌ಗೆ ಹಾಕೋವಾಗ ಒಬ್ಬರ ಹಿಮೋಗ್ಲೋಬಿನ್ 10.4 ಬದಲು 14.0 ಅಂತ ಬಿದ್ದಿದ್ರೆ ಆ ನಂಬರ್ ಸರಾಸರಿ, t, p, ಗ್ರಾಫ್ ಎಲ್ಲದರೊಳಗೂ ಸೇರ್ಕೊಂಡಿರುತ್ತೆ, ಪೂರ್ತಿ ಅನಾಲಿಸಿಸ್ ಮತ್ತೆ ಮಾಡ್ಬೇಕು, ಒಂದು ಸೆಲ್ ಕೈಯಲ್ಲಿ ತಿದ್ದಿ ಮುಗಿಸೋ ಹಾಗಿಲ್ಲ. ಹಳೇ ಔಟ್‌ಪುಟ್ ನೋಡಿ ತೀರ್ಮಾನ ಮಾಡ್ಬೇಡಿ. ಕೇಸ್ ಶೀಟನ್ನ ಒಬ್ರು ಗಟ್ಟಿಯಾಗಿ ಓದ್ಲಿ, ಇನ್ನೊಬ್ರು ಎಕ್ಸೆಲ್ ನೋಡ್ಲಿ, ಒಬ್ರೇ ಮಾಡಿದ್ರೆ ಕಣ್ಣು ಅದೇ ತಪ್ಪನ್ನ ಮತ್ತೆ ಸರಿ ಅಂತ ದಾಟಿಸುತ್ತೆ. ಪಿಡಿಎಫ್‌ನಿಂದ ಟೇಬಲ್ ಎತ್ತೋ ಫ್ರೀ ಕನ್ವರ್ಟರ್‌ಗಳನ್ನ ಈ ಕೆಲಸಕ್ಕೆ ಮುಟ್ಟಲೇಬೇಡಿ, ಕೆಲವು ಸಲ ಪಾಯಿಂಟ್ ನುಂಗಿ 10.4ನ್ನ 104 ಮಾಡಿ ಕೊಡ್ತವೆ.

ಆಮೇಲೆ ಸಹಲೇಖಕರಿಗೆಲ್ಲ ತಿಳಿಸಿ, ಗೈಡ್ ಮೇಡಂಗೆ ಫೋನಲ್ಲಿ ಹೇಳಿದ್ರೆ ಸಾಲದು, ಎಲ್ಲರ ಒಪ್ಪಿಗೆ ಮೇಲ್‌ನಲ್ಲಿ ಇರ್ಲಿ.

ಪತ್ರ ಕಳಿಸೋರು ಕರೆಸ್ಪಾಂಡಿಂಗ್ ಆಥರ್. ಲೇಖನದ ಹೆಸರು, ಡಿಒಐ ಹಾಕಿ ನೇರ ವಿಷಯಕ್ಕೆ ಬನ್ನಿ. ಇಂಗ್ಲಿಷಲ್ಲೇ ಕಳಿಸೋದಾದ್ರೂ ಧಾಟಿ ಹೀಗಿರ್ಲಿ: “ಟೇಬಲ್ 2, ಮೊದಲ ಗುಂಪಿನ ಹಿಮೋಗ್ಲೋಬಿನ್ ಸ್ಟ್ಯಾಂಡರ್ಡ್ ಡೀವಿಯೇಷನ್ 2.1 ಎಂದಿದೆ, 1.2 ಎಂದಿರಬೇಕು. ಔಟ್‌ಪುಟ್‌ನಿಂದ ಟೇಬಲ್‌ಗೆ ಬರೆಯುವಾಗ ಅಂಕಿ ಅದಲುಬದಲಾಗಿದೆ. ಮೂಲ ಡೇಟಾದಿಂದ ಅನಾಲಿಸಿಸ್ ಮತ್ತೆ ಮಾಡಿದೆವು, t ಮತ್ತು p ಬದಲಾಗಿಲ್ಲ, ತೀರ್ಮಾನವೂ ಬದಲಾಗಿಲ್ಲ. ತಿದ್ದುಪಡಿ ಪ್ರಕಟಿಸಿ ಎಂದು ಕೋರುತ್ತೇವೆ.” p ಬದಲಾಗಿದ್ರೆ ಹಳೇದು ಹೊಸದು ಎರಡೂ ಬರೀರಿ, 0.05 ದಾಟಿದ್ರೆ ಅದನ್ನೂ ನೇರವಾಗೇ ಹೇಳಿ, ಅಂಥದ್ದಕ್ಕೆ ಟೈಪಿಂಗ್ ಮಿಸ್ಟೇಕ್ ಅಂತ ಹೆಸರಿಟ್ಟು ತಳ್ಳಿಬಿಡೋದು ನನಗೆ ಒಪ್ಪಿಗೆ ಇಲ್ಲ.

ತಿದ್ದಿದ ಟೇಬಲ್ ಪೂರ್ತಿ ಲಗತ್ತಿಸಿ. ಅದೇ ನಂಬರ್ ಅಬ್‌ಸ್ಟ್ರಾಕ್ಟಲ್ಲೂ ಇದೆಯಾ ನೋಡಿ, ಇದ್ರೆ ಆ ಸಾಲನ್ನೂ ಪತ್ರದಲ್ಲಿ ಸೇರಿಸಿ, ಯಾಕಂದ್ರೆ ಬಹಳ ಜನ ಓದೋದು ಅಬ್‌ಸ್ಟ್ರಾಕ್ಟ್ ಒಂದನ್ನೇ.