ಚಕ್ರಬಡ್ಡಿ ಮಕ್ಕಳಿಗೆ ಅರ್ಥ ಆಗ್ಬೇಕಾ, ಫಾರ್ಮುಲಾ ಬಿಡಿ, ವರ್ಷಕ್ಕೊಂದು ಸಾಲು ಹಾಕ್ಸಿ

ಹೈಸ್ಕೂಲ್ ಮಕ್ಕಳಿಗೆ ಚಕ್ರಬಡ್ಡಿ ಹೇಳಿಕೊಡೋರು ಪುಸ್ತಕದ ಸೂತ್ರ ಹಾಕ್ಬೇಡಿ, ಎಕ್ಸೆಲ್ ಶೀಟಲ್ಲಿ ವರ್ಷಕ್ಕೊಂದು ಸಾಲು ಮಾಡ್ಸಿ. B1ರಲ್ಲಿ 10000, B2ರಲ್ಲಿ 8%, B4ರಲ್ಲಿ =B1, ಆಮೇಲೆ B5, C4, C5ರಲ್ಲಿ ಕ್ರಮವಾಗಿ ಇವು:

```
=B4*(1+$B$2)
=B1
=C4+$B$1*$B$2
```

B5, C5 ಎರಡನ್ನೂ 34ನೇ ಸಾಲಿನವರೆಗೆ ಎಳೆದ್ರೆ 30 ವರ್ಷ ಆಯ್ತು. C ಬರೀ ಸರಳಬಡ್ಡಿ, ಪಕ್ಕದಲ್ಲೇ ಇರ್ಲಿ. ಮೊದಲ ವರ್ಷ ಬಡ್ಡಿ 800, ಎರಡನೇ ವರ್ಷ 864, ಆ 64 ಎಲ್ಲಿಂದ ಬಂತು ಅಂತ ಕೇಳಿ, 800ಕ್ಕೇ ಬಡ್ಡಿ ಬಂದಿದೆ ಅಂತ ಅವರೇ ಹೇಳ್ತಾರೆ, ಯಾಕಂದ್ರೆ ಪ್ರತಿ ಸಾಲೂ ಮೇಲಿನ ಸಾಲಿಂದಾನೇ ಹುಟ್ಟಿರೋದು ಕಣ್ಣಿಗೇ ಕಾಣ್ಸುತ್ತೆ. 30ನೇ ವರ್ಷಕ್ಕೆ ಸರಳಬಡ್ಡಿಲಿ 34,000, ಚಕ್ರಬಡ್ಡಿಲಿ ಲಕ್ಷ ದಾಟಿರುತ್ತೆ. ಈಗ B2ನ 12% ಮಾಡ್ಸಿ, ಹತ್ತಿರ ಹತ್ತಿರ ಮೂರು ಲಕ್ಷ! B5ರಲ್ಲಿ ಡಾಲರ್ ಗುರುತು ಮರೆತ್ರೆ ಕೆಡುತ್ತೆ, 8% ಇದ್ದಾಗ ಎರಡನೇ ವರ್ಷನೂ 10,800ರಲ್ಲೇ ನಿಂತು ಮೂರನೇ ವರ್ಷ ಹತ್ತು ಕೋಟಿಗೆ ಹಾರಿದ್ರೆ ಅದೇ ತಪ್ಪು ಅಂತ ತಿಳ್ಕೊಳಿ. ಬ್ಯಾಂಕ್ ಎಫ್‌ಡಿ ಬಾಂಡ್ ಜೊತೆ ತಾಳೆ ನೋಡಿದ್ರೆ ನಮ್ಮ ಶೀಟಲ್ಲಿ ಸ್ವಲ್ಪ ಕಮ್ಮಿ ಬರುತ್ತೆ, ಯಾಕಂದ್ರೆ ಬ್ಯಾಂಕಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತೆ. ಮತ್ತೆ ನಮ್ಮ ಹಾಸನದ ಕಡೆ ಕೈಸಾಲಕ್ಕೆ ನೂರಕ್ಕೆ ಎರಡು ರೂಪಾಯಿ ಅಂತಾರಲ್ಲ, ಅದು ತಿಂಗಳ ಲೆಕ್ಕ, ವರ್ಷಕ್ಕೊಂದು ಸಾಲಿರೋ ಶೀಟಲ್ಲಿ 2% ಹಾಕ್ಬಿಟ್ರೆ ಮಕ್ಕಳು ಕೈಸಾಲನೇ ಅಗ್ಗ ಅನ್ಕೋತಾರೆ, ಅದಕ್ಕೆ ಅಲ್ಲಿ ತಿಂಗಳಿಗೊಂದು ಸಾಲು ಮಾಡ್ಸಿ.